ಲಿಂಕ್ ಒತ್ತಿಬಿಟ್ಟವರಿಗೆ ಒಂದು ಪತ್ರ

ಜೂನ್ ತಿಂಗಳು ಬಂತೆಂದರೆ ಸಂಬಳದಾರರೆಲ್ಲ ಫಾರ್ಮ್ 16ಕ್ಕಾಗಿ ಕಾಯುತ್ತಿರುತ್ತಾರೆ. ಹಿಂದಿನ ವರ್ಷ ಸಂಬಳದಲ್ಲಿ ಎಷ್ಟು ತೆರಿಗೆ ಕಡಿತವಾಯಿತು ಎಂದು ತಿಳಿಸುವ ಈ ಪತ್ರವನ್ನು ಕಂಪನಿಗಳು ಜೂನ್ 15ರೊಳಗೆ ಕೊಡಬೇಕು. ಅದು ಕೈಗೆ ಬಂದರೆ ರಿಟರ್ನ್ ಸಲ್ಲಿಸಬಹುದು, ಹೆಚ್ಚು ಕಟ್ಟಿದ್ದರೆ ಒಂದಿಷ್ಟು ದುಡ್ಡು ವಾಪಸ್ ಬರಬಹುದು. ಹಾಗಾಗಿ ಜೂನ್ ಮೊದಲ ವಾರದಲ್ಲಿ `Your Form 16 is ready` ಎಂಬ ಮೇಲ್ ಬಂದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಕಾಯುತ್ತಿದ್ದದ್ದು ಬಂತು ಎಂದು ತೆರೆಯುತ್ತಾರೆ.

ಪುಣೆಯಲ್ಲಿ ನಾನು ಕೆಲಸ ಮಾಡುವ ಕಂಪನಿಗೆ ಒಂದು ವರ್ಷ ಅಂಥ ಮೇಲ್ ಬಂತು. ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ ಇದು. ಕಚೇರಿ ಪುಣೆಯಲ್ಲಿ, ಒಂದು ಘಟಕ ಬೆಳಗಾವಿಯ ಹತ್ತಿರ. ಉದ್ಯೋಗಿಗಳ ಲಾಗಿನ್, ಪಾಸ್‌ವರ್ಡ್ ವ್ಯವಸ್ಥೆ ನೋಡಿಕೊಳ್ಳುವುದು ನಮ್ಮ ಪುಟ್ಟ ತಂಡದ ಕೆಲಸ. ಬೆಳಿಗ್ಗೆ 10.40ಕ್ಕೆ ಬಂದ ಆ ಮೇಲ್‌ನಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಕಂಪನಿಯ ಲೋಗೊ ಇತ್ತು. ಕಳಿಸಿದವರ ಹೆಸರು `HR Payroll` ಎಂದಿತ್ತು. ಹೆಸರಿನ ಹಿಂದಿದ್ದ ನಿಜವಾದ ವಿಳಾಸ ಬೇರೆ ಯಾವುದೋ, ಆದರೆ ಮೊಬೈಲಿನ ಮೇಲ್ ಆ್ಯಪ್‌ಗಳು ಸಾಮಾನ್ಯವಾಗಿ ಹೆಸರನ್ನಷ್ಟೇ ತೋರಿಸುತ್ತವೆ. 24 ಗಂಟೆಯೊಳಗೆ ಡೌನ್‌ಲೋಡ್ ಮಾಡಿಕೊಳ್ಳಿ ಎಂಬ ಸಾಲು, ಅದರ ಕೆಳಗೊಂದು ನೀಲಿ ಬಟನ್. ಒತ್ತಿದರೆ ನಾವು ದಿನವೂ ನೋಡುವಂಥದೇ ಲಾಗಿನ್ ಪುಟ.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬರು ಫೋನ್ ಮಾಡಿ, "ಇದು ನಮ್ಮದೇನಾ?" ಎಂದು ಕೇಳಿದರು. ಅಲ್ಲ ಎಂದು ಖಚಿತವಾಗಲು ನಮಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನು ಎಲ್ಲರಿಗೂ ಎಚ್ಚರಿಕೆ ಕಳಿಸಬೇಕು. ಈ ಲೇಖನ ಆ ಎಚ್ಚರಿಕೆಯ ಬಗ್ಗೆ. ಫೈರ್‌ವಾಲ್, ಫಿಲ್ಟರ್ ಕುರಿತು ಬೇಕಾದಷ್ಟು ಬರೆದಿದ್ದಾರೆ. ಹತ್ತು ಸಾಲಿನ ಆ ಪತ್ರವನ್ನು ಹೇಗೆ ಬರೆಯಬೇಕೆಂದು ಕೇಳಿದರೆ ಮಾತ್ರ ಬಹಳಷ್ಟು ಕಚೇರಿಗಳಲ್ಲಿ ಉತ್ತರ ಸಿಗುವುದಿಲ್ಲ.

ಆಡಳಿತ ವಿಭಾಗದಲ್ಲಿ ಒಂದು ಕರಡು ಸಿದ್ಧವೇ ಇತ್ತು. ಹಿಂದೆ ಯಾರೋ ಬರೆದಿಟ್ಟದ್ದು, ಪ್ರತಿ ಸಲ ಅದನ್ನೇ ತೆಗೆದು ಕಳಿಸುತ್ತಿದ್ದರು. ಅದರ ಕನ್ನಡ ರೂಪ ಹೆಚ್ಚುಕಡಿಮೆ ಹೀಗೆ:

"ಅತಿ ತುರ್ತು!!! ನಮ್ಮ ಸಂಸ್ಥೆಯ ಮೇಲೆ ಗಂಭೀರ ಫಿಶಿಂಗ್ ದಾಳಿ ನಡೆದಿದೆ. ಎಲ್ಲ ಉದ್ಯೋಗಿಗಳು ಅತ್ಯಂತ ಜಾಗರೂಕರಾಗಿರತಕ್ಕದ್ದು. ಅನುಮಾನಾಸ್ಪದ ಮೇಲ್‌ಗಳನ್ನು ತೆರೆಯಕೂಡದು. ನಿರ್ಲಕ್ಷ್ಯ ತೋರಿದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು. ಎಲ್ಲರೂ ತಕ್ಷಣ ಈ ಲಿಂಕ್ ಒತ್ತಿ ಪಾಸ್‌ವರ್ಡ್ ಬದಲಿಸಿಕೊಳ್ಳಿ."

ಇದನ್ನು ಆ ಕಳ್ಳ ಮೇಲ್‌ನ ಪಕ್ಕದಲ್ಲಿಟ್ಟು ಓದಿ ನೋಡಿ. ಎರಡರಲ್ಲೂ ಅವಸರವಿದೆ, ಲಿಂಕ್ ಇದೆ. ಅಲ್ಲಿ 24 ಗಂಟೆಯ ಗಡುವು, ಇಲ್ಲಿ 'ತಕ್ಷಣ' ಮತ್ತು ಶಿಸ್ತುಕ್ರಮದ ಬೆದರಿಕೆ. ಹೆದರಿಸಿ, ಆತುರಪಡಿಸಿ ಲಿಂಕ್ ಒತ್ತಿಸುವುದು ವಂಚಕರ ದಾರಿ. ಕಂಪನಿಯೂ ಅದೇ ದನಿಯಲ್ಲಿ ಮಾತಾಡಿದರೆ, ಅಂಥ ದನಿಗೆ ಓಗೊಡುವುದೇ ಸರಿಯೆಂದು ಉದ್ಯೋಗಿಗಳಿಗೆ ನಾವೇ ಹೇಳಿಕೊಟ್ಟಂತೆ. ಮುಂದಿನ ಸಲ ವಂಚಕರು ನಮ್ಮ ಎಚ್ಚರಿಕೆಯನ್ನೇ ನಕಲು ಮಾಡಿ "ದಾಳಿ ನಡೆದಿದೆ, ಪಾಸ್‌ವರ್ಡ್ ಬದಲಿಸಿ" ಎಂದು ಕಳಿಸಿದರೆ ಸಾಕು. ಅವರು ಇದನ್ನು ಮಾಡುವುದೂ ಉಂಟು.

ಇನ್ನೊಂದು ತೊಡಕು 'ಅನುಮಾನಾಸ್ಪದ' ಎಂಬ ಪದದಲ್ಲಿದೆ. ಅನುಮಾನ ಬಂದವರು ಹೇಗೂ ತೆರೆಯುವುದಿಲ್ಲ. ತೆರೆದವರಿಗೆ ಅನುಮಾನವೇ ಬಂದಿರಲಿಲ್ಲ. ಹಾಗಾದರೆ ಈ ಸಾಲು ಯಾರಿಗೆ? ಅದನ್ನು ಓದಿ ಯಾರೊಬ್ಬರೂ ಏನನ್ನೂ ಬೇರೆಯಾಗಿ ಮಾಡುವುದಿಲ್ಲ. ಕಳಿಸಿದವರಿಗೆ ಮಾತ್ರ 'ನಾವು ಹೇಳಿದ್ದೆವು' ಎನ್ನಲು ಒಂದು ಸಾಕ್ಷಿ ಸಿಗುತ್ತದೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಸುತ್ತೋಲೆಗಳು ಹುಟ್ಟುವುದೇ ಈ ಕಾರಣಕ್ಕೆ.

ಆದರೆ ದೊಡ್ಡ ಹಾನಿ ಮಾಡುವುದು ಶಿಸ್ತುಕ್ರಮದ ಸಾಲು. ಏಕೆಂದು ತಿಳಿಯಲು, ಒಬ್ಬರು ಆ ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಹಿಂದೆಲ್ಲ ನಕಲಿ ಪುಟಗಳು ಪಾಸ್‌ವರ್ಡನ್ನು ಬರೆದಿಟ್ಟುಕೊಂಡು ಸುಮ್ಮನಾಗುತ್ತಿದ್ದವು. ಕಳ್ಳ ನಂತರ ಬಿಡುವಾದಾಗ ಬಳಸುತ್ತಿದ್ದ. ಒಟಿಪಿ ಬಂದಮೇಲೆ ಬರೀ ಪಾಸ್‌ವರ್ಡ್‌ನಿಂದ ಪ್ರಯೋಜನ ಕಡಿಮೆಯಾಯಿತು. ಈಗಿನ ನಕಲಿ ಪುಟಗಳಲ್ಲಿ ಹಲವು ಮಧ್ಯವರ್ತಿಯ ಹಾಗೆ ಕೆಲಸ ಮಾಡುತ್ತವೆ. ನೀವು ಹಾಕಿದ ಪಾಸ್‌ವರ್ಡನ್ನು ಅದೇ ಕ್ಷಣದಲ್ಲಿ ಅಸಲಿ ಲಾಗಿನ್ ಪುಟಕ್ಕೆ ದಾಟಿಸುತ್ತವೆ. ಅಸಲಿ ಪುಟ ಒಟಿಪಿ ಕೇಳಿದರೆ ಅದನ್ನೂ ನಿಮ್ಮಿಂದಲೇ ಕೇಳಿ ದಾಟಿಸುತ್ತವೆ. ನಿಮ್ಮ ಫೋನಿಗೆ 'ಒಪ್ಪಿಗೆಯೇ?' ಎಂಬ ಪ್ರಶ್ನೆ ಬರುತ್ತದೆ, ಲಾಗಿನ್ ಮಾಡುತ್ತಿರುವುದು ನಾನೇ ತಾನೇ ಎಂದು ನೀವು ಒತ್ತುತ್ತೀರಿ. ಲಾಗಿನ್ ಆದೊಡನೆ ಅಸಲಿ ಸರ್ವರ್ ಒಂದು ಗುರುತಿನ ಚೀಟಿ ಕೊಡುತ್ತದೆ. ಪ್ರತಿ ಪುಟಕ್ಕೂ ಪಾಸ್‌ವರ್ಡ್ ಕೇಳದೆ ಒಳಗೆ ಬಿಡಲು ಇರುವ ಚೀಟಿ ಇದು, ಸೆಷನ್ ಕುಕಿ ಎನ್ನುತ್ತೇವೆ. ಮಧ್ಯವರ್ತಿ ಅದನ್ನು ಇಟ್ಟುಕೊಳ್ಳುತ್ತಾನೆ. ಜಾತ್ರೆಯಲ್ಲಿ ನಿಮ್ಮ ಪರವಾಗಿ ಟಿಕೆಟ್ ತರುತ್ತೇನೆಂದು ಹೋದವನು ಆ ಟಿಕೆಟಿನಲ್ಲಿ ತಾನೇ ಒಳಗೆ ಹೋದಂತೆ.

ಒಳಗೆ ಹೋದವನು ಗದ್ದಲ ಮಾಡುವುದಿಲ್ಲ. ಮೇಲ್‌ಬಾಕ್ಸಿನಲ್ಲಿ ಸದ್ದಿಲ್ಲದೆ ಒಂದು ನಿಯಮ ಹಾಕಿಡುತ್ತಾನೆ: 'ಇನ್‌ವಾಯ್ಸ್', 'ಪೇಮೆಂಟ್' ಎಂಬ ಪದವಿರುವ ಮೇಲ್‌ಗಳು ಇನ್‌ಬಾಕ್ಸಿಗೆ ಬಾರದೆ ಯಾವುದೋ ಮೂಲೆಯ ಫೋಲ್ಡರಿಗೆ ಹೋಗಲಿ ಎಂದು. ಆಮೇಲೆ ನಿಮ್ಮ ಹಳೆಯ ಪತ್ರವ್ಯವಹಾರ ಓದುತ್ತಾನೆ. ಒಂದು ದಿನ ನಿಮ್ಮದೇ ಖಾತೆಯಿಂದ, ನಡೆಯುತ್ತಿರುವ ಮಾತುಕತೆಯ ನಡುವೆಯೇ, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಹಣ ಇದಕ್ಕೆ ಹಾಕಿ" ಎಂದು ಗ್ರಾಹಕರಿಗೆ ಬರೆಯುತ್ತಾನೆ. ಕಂಪನಿ ದುಡ್ಡು ಕಳೆದುಕೊಳ್ಳುವುದು ಅಲ್ಲಿ, ಫಾರ್ಮ್ 16ರ ಮೇಲ್ ಬಂದ ದಿನದಲ್ಲಲ್ಲ.

ಅಂದರೆ ಪಾಸ್‌ವರ್ಡ್ ಹಾಕಿದ ಹೊತ್ತಿಗೂ ಹಣ ಹೋಗುವ ಹೊತ್ತಿಗೂ ನಡುವೆ ಒಂದು ಅಂತರವಿರುತ್ತದೆ. ಕೆಲವೊಮ್ಮೆ ನಿಮಿಷಗಳು, ಕೆಲವೊಮ್ಮೆ ವಾರಗಳು. ಆ ಅಂತರದಲ್ಲಿ ಉದ್ಯೋಗಿ ಒಂದು ಫೋನ್ ಮಾಡಿದರೆ ಉಳಿದ ಕೆಲಸ ನಮಗೆ ಸಲೀಸು. ಫೋನ್ ಮಾಡಲು ಹೆದರಿ ಸುಮ್ಮನೆ ಕೂತರೆ ನಮಗೆ ಗೊತ್ತಾಗುವುದು ಗ್ರಾಹಕರು "ಹಣ ಹಾಕಿಯಾಯಿತಲ್ಲ" ಎಂದಾಗ. ಶಿಸ್ತುಕ್ರಮದ ಆ ಒಂದು ಸಾಲು ಸುಮ್ಮನೆ ಕೂರುವುದಕ್ಕೆ ಕಾರಣ ಕೊಡುತ್ತದೆ.

ಆದ್ದರಿಂದ ಎಚ್ಚರಿಕೆ ಬರೆಯುವ ಮೊದಲು ನಮ್ಮ ತಂಡ ಒಂದು ವಿಷಯ ತೀರ್ಮಾನಿಸಿತು. ಈ ಪತ್ರದ ಮುಖ್ಯ ಓದುಗ ಈಗಾಗಲೇ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿರುವವನು. ಇನ್ನೂ ಒತ್ತದವರು ಎರಡನೆಯವರು. ಇಷ್ಟು ನಿಶ್ಚಯವಾದರೆ ಪತ್ರದ ಕ್ರಮ, ದನಿ, ಉದ್ದ ಎಲ್ಲವೂ ತಾವಾಗಿಯೇ ಕೂಡಿಬರುತ್ತವೆ. ಇಂಗ್ಲಿಷ್ ಪಾಠ ಪುಣೆಗೆ, ಕನ್ನಡ ಪಾಠ ಬೆಳಗಾವಿ ಘಟಕಕ್ಕೆ. ಕನ್ನಡದ್ದು ನನ್ನ ಪಾಲಿಗೆ ಬಂತು. 11.15ಕ್ಕೆ ಹೋದದ್ದು ಇದು:

ವಿಷಯ: ಇಂದು ಬಂದ 'ಫಾರ್ಮ್ 16' ಮೇಲ್ ನಮ್ಮದಲ್ಲ. ಪಾಸ್‌ವರ್ಡ್ ಹಾಕಿದ್ದರೆ 4411ಕ್ಕೆ ಫೋನ್ ಮಾಡಿ

ನಮಸ್ಕಾರ.

ಇಂದು ಬೆಳಿಗ್ಗೆ 10.40ರ ಹೊತ್ತಿಗೆ `Your Form 16 is ready` ಎಂಬ ಮೇಲ್ ನಮ್ಮಲ್ಲಿ ಹಲವರಿಗೆ ಬಂದಿದೆ. ಅದನ್ನು ಕಂಪನಿ ಕಳಿಸಿಲ್ಲ. ನಿಮ್ಮ ಪಾಸ್‌ವರ್ಡ್ ಕದಿಯಲು ಹೊರಗಿನವರು ಕಳಿಸಿದ್ದಾರೆ. ಅದರ ಚಿತ್ರ ಕೆಳಗಿದೆ.

ಅಲ್ಲಿ ಪಾಸ್‌ವರ್ಡ್ ಅಥವಾ ಒಟಿಪಿ ಹಾಕಿದ್ದರೆ, ಇಲ್ಲವೇ ಫೋನಿನಲ್ಲಿ ಒಪ್ಪಿಗೆ ಒತ್ತಿದ್ದರೆ: ಈಗಲೇ 4411ಕ್ಕೆ ಫೋನ್ ಮಾಡಿ. ಕಚೇರಿಯ ಹೊರಗಿದ್ದರೆ ನಿಮ್ಮ ಗುರುತಿನ ಕಾರ್ಡಿನ ಹಿಂದಿರುವ ಐಟಿ ನಂಬರಿಗೆ ಮಾಡಿ. ನಿಮ್ಮ ಖಾತೆಯನ್ನು ನಾವು ಭದ್ರ ಮಾಡುತ್ತೇವೆ. ಇದಕ್ಕಾಗಿ ಯಾರ ಮೇಲೂ ಕ್ರಮ ಇಲ್ಲ.

ಲಿಂಕ್ ಮಾತ್ರ ಒತ್ತಿ, ಏನೂ ಹಾಕದಿದ್ದರೆ: ಆ ಪುಟ ಮುಚ್ಚಿ, 4411ಕ್ಕೆ ಒಂದು ಮಾತು ತಿಳಿಸಿ, ಕೆಲಸ ಮುಂದುವರಿಸಿ.

ಮೇಲ್ ನೋಡಿದ್ದರೆ ಅಷ್ಟೇ: `Report` ಬಟನ್ ಒತ್ತಿ. ಅದನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ನಿಜವಾದ ಫಾರ್ಮ್ 16 ಇನ್ನೂ ಬಂದಿಲ್ಲ. ಬಂದಾಗ, ನೀವು ಸಂಬಳದ ಚೀಟಿ ನೋಡುವ ಪೋರ್ಟಲ್ಲಿನಲ್ಲೇ ಸಿಗುತ್ತದೆ.

ಈ ಪತ್ರದಲ್ಲಿ ಯಾವ ಲಿಂಕೂ ಇಲ್ಲ. ಇದು ನಿಜವೋ ಎಂಬ ಅನುಮಾನವಿದ್ದರೆ 4411ಕ್ಕೇ ಕೇಳಿ. ಮುಂದಿನ ಮಾಹಿತಿ ಇಂದು ಮಧ್ಯಾಹ್ನ 3 ಗಂಟೆಗೆ.

ಇಷ್ಟೇ. ನೋಡಲು ಸರಳ, ಆದರೆ ಇದರ ಕೆಲವು ಸಾಲುಗಳ ಹಿಂದೆ ಸಾಕಷ್ಟು ಚರ್ಚೆಯಿತ್ತು.

ವಿಷಯದ ಸಾಲನ್ನೇ ತೆಗೆದುಕೊಳ್ಳಿ. ಬಹಳ ಜನ ಅದನ್ನಷ್ಟೇ ಓದುತ್ತಾರೆ, ಅದೂ ಫೋನ್ ಪರದೆಯ ಮೇಲೆ ಬರುವ ಸೂಚನೆಯಲ್ಲಿ. ಆದ್ದರಿಂದ ಯಾವ ಮೇಲ್, ಏನು ಮಾಡಬೇಕು ಎಂಬೆರಡೂ ಅಲ್ಲೇ ಇರಬೇಕು. 'ಭದ್ರತಾ ಸೂಚನೆ' ಎಂದಷ್ಟೇ ಇದ್ದರೆ ಅದನ್ನು ಊಟವಾದ ಮೇಲೆ ನೋಡೋಣ ಎಂದುಕೊಳ್ಳುವವರೇ ಹೆಚ್ಚು.

'ಕ್ರಮ ಇಲ್ಲ' ಎಂಬುದು ಎರಡು ಪದದ ಮಾತು, ಆದರೆ ಅದನ್ನು ಹಾಕುವ ಅಧಿಕಾರ ಐಟಿಯವರಿಗಿಲ್ಲ. ನಾಳೆ ಯಾರಿಗಾದರೂ ಮೆಮೊ ಹೋದರೆ ಆ ಸಾಲು ಸುಳ್ಳಾಗುತ್ತದೆ, ಮತ್ತೆ ಯಾರೂ ಫೋನ್ ಮಾಡುವುದಿಲ್ಲ. ಹಾಗಾಗಿ ನಮ್ಮ ಮ್ಯಾನೇಜರ್ ಎಚ್‌ಆರ್ ಮುಖ್ಯಸ್ಥರ ಬಳಿ ಹೋಗಿ ಒಪ್ಪಿಗೆ ತಂದರು. ಅವರು ಮೊದಲು 'ಈ ಬಾರಿ ಕ್ರಮ ಇಲ್ಲ' ಎಂದು ಹಾಕೋಣ ಎಂದರು. 'ಈ ಬಾರಿ' ಎಂದರೆ ಮುಂದಿನ ಬಾರಿ ಇದೆ ಎಂದೇ ಅರ್ಥ. ಒಂದಿಷ್ಟು ಮಾತಿನ ನಂತರ ಆ ಎರಡು ಪದ ಬಿಟ್ಟೆವು. ನಿಮ್ಮ ಕಚೇರಿಯಲ್ಲಿ ಈ ಒಪ್ಪಿಗೆಯನ್ನು ಮೇಲ್ ಬಂದ ದಿನ ಕೇಳಲು ಹೋಗಬೇಡಿ, ಸಮಯ ಅಲ್ಲೇ ಹೋಗುತ್ತದೆ. ಸುಮ್ಮನಿದ್ದ ಒಂದು ದಿನ ಕೇಳಿ ಪಡೆದಿಟ್ಟುಕೊಳ್ಳಿ.

ಎಲ್ಲರೂ ಪಾಸ್‌ವರ್ಡ್ ಬದಲಿಸಿ ಎಂದು ನಾವು ಬರೆಯಲಿಲ್ಲ. ಹಳೆಯ ಕರಡಿನ ಅಭಿಮಾನಿಗಳಿಗೆ ಇದು ಸರಿಬರಲಿಲ್ಲ. ಆದರೆ ಕಳ್ಳನ ಕೈಯಲ್ಲಿ ಸೆಷನ್ ಚೀಟಿ ಇದ್ದರೆ, ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅವನು ಹೊರಗೆ ಬೀಳುತ್ತಾನೆಂಬ ಖಾತ್ರಿಯಿಲ್ಲ. ಉದ್ಯೋಗಿಗೆ ಮಾತ್ರ 'ನಾನು ಮಾಡಬೇಕಾದ್ದು ಮಾಡಿದೆ' ಎಂಬ ಸಮಾಧಾನ ಬಂದು ಫೋನ್ ಮಾಡದೇ ಉಳಿಯುತ್ತಾನೆ. ಅದೂ ಅಲ್ಲದೆ ಏನೂ ಮಾಡದ ನೂರಾರು ಜನ ಒಮ್ಮೆಗೇ ಪಾಸ್‌ವರ್ಡ್ ಬದಲಿಸಲು ಹೋದರೆ, ಅರ್ಧ ಜನ ಖಾತೆ ಲಾಕ್ ಮಾಡಿಕೊಂಡು ಅದೇ 4411ಕ್ಕೆ ಕರೆ ಮಾಡುತ್ತಾರೆ. ನಿಜವಾಗಿ ಸಹಾಯ ಬೇಕಾದವನಿಗೆ ಲೈನ್ ಸಿಗುವುದಿಲ್ಲ.

ಫಾರ್ವರ್ಡ್ ಮಾಡಬೇಡಿ ಎಂಬುದಕ್ಕೂ ಕಾರಣವಿದೆ. ಒಳ್ಳೆಯ ಮನಸ್ಸಿನವರು "ಇದನ್ನು ಯಾರೂ ಒತ್ತಬೇಡಿ" ಎಂದು ಮೇಲೆ ಬರೆದು ಆ ಕಳ್ಳ ಮೇಲನ್ನೇ ಇಡೀ ವಿಭಾಗಕ್ಕೆ ಕಳಿಸುತ್ತಾರೆ. ಆಗ ಜೀವಂತ ಲಿಂಕು ಪರಿಚಿತರ ಹೆಸರಿನಲ್ಲಿ ಹರಡುತ್ತದೆ. ನಮ್ಮ ಪತ್ರದಲ್ಲೂ ಮೂಲ ಮೇಲ್ ಇರಲಿಲ್ಲ, ಅದರ ಚಿತ್ರ ಮಾತ್ರ ಇತ್ತು. ಒತ್ತಿದರೆ ಎಲ್ಲಿಗೂ ಹೋಗದ ಚಿತ್ರ. ಐಟಿಯವರ ನಡುವೆ ವಿಳಾಸ ಹಂಚಿಕೊಳ್ಳಲೇಬೇಕಾದಾಗ ಅದು ಲಿಂಕ್ ಆಗದಂತೆ `hxxps` ಎಂದೂ ಚುಕ್ಕಿಯ ಬದಲು `[.]` ಎಂದೂ ಬರೆಯುವ ಪದ್ಧತಿಯಿದೆ. ಅದು ಸಾಮಾನ್ಯ ಉದ್ಯೋಗಿಗಳ ಪತ್ರಕ್ಕೆ ಬೇಡ.

ಇನ್ನು 'ಫಿಶಿಂಗ್' ಎಂಬ ಪದ. ಕನ್ನಡ ಪಾಠದಲ್ಲಿ ಅದು ಎಲ್ಲೂ ಇಲ್ಲ. ಬೆಳಗಾವಿ ಘಟಕದ ಗೋದಾಮು ನೋಡಿಕೊಳ್ಳುವವರಿಗೆ, ಶಿಫ್ಟ್ ಸೂಪರ್‌ವೈಸರ್‌ಗೆ ಆ ಪದದಿಂದ ಏನೂ ಹೊಳೆಯುವುದಿಲ್ಲ. ಕೆಲವರು 'ಗಾಳ' ಎಂದು ಅನುವಾದಿಸುತ್ತಾರೆ. ಕಿವಿಗೆ ಚೆಂದ, ಆದರೆ ಫೋನ್ ಮಾಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. "ಪಾಸ್‌ವರ್ಡ್ ಕದಿಯಲು ಹೊರಗಿನವರು ಕಳಿಸಿದ್ದಾರೆ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪಾಸ್‌ವರ್ಡ್, ಒಟಿಪಿ, ಲಿಂಕ್ ಎಂಬವನ್ನು ಹಾಗೇ ಬಿಟ್ಟೆ. 'ಗುಪ್ತಪದ' ಎಂದು ಬರೆದಿದ್ದರೆ ಓದುಗರು ಮೊದಲು ಅದೇನೆಂದು ಯೋಚಿಸಬೇಕಾಗುತ್ತಿತ್ತು. 'ಜಾಗರೂಕರಾಗಿರತಕ್ಕದ್ದು', 'ಜರುಗಿಸಲಾಗುವುದು' ಎಂಬ ಸರ್ಕಾರಿ ಧಾಟಿ ಕೂಡ ಬೇಡ. ಯಾರು ಏನು ಮಾಡಬೇಕೆಂಬುದು ಆ ಕ್ರಿಯಾಪದಗಳಲ್ಲಿ ಕಾಣಿಸುವುದೇ ಇಲ್ಲ. 'ಫೋನ್ ಮಾಡಿ', 'ಮುಚ್ಚಿ', 'ಒತ್ತಿ' ಎಂದರೆ ಕೈ ಏನು ಮಾಡಬೇಕೋ ಅದು ಕಣ್ಣಿಗೆ ಕಟ್ಟುತ್ತದೆ.

ಘಟಕದಲ್ಲಿ ಎಲ್ಲರೂ ಕಂಪ್ಯೂಟರ್ ಮುಂದೆ ಕೂತಿರುವುದಿಲ್ಲ. ಮೇಲನ್ನು ತಮ್ಮ ಫೋನಿನಲ್ಲಿ ಚಹಾ ವೇಳೆಯಲ್ಲಿ ನೋಡುವವರೇ ಹೆಚ್ಚು. ಆದ್ದರಿಂದ ಇದೇ ಪಾಠವನ್ನು ಕ್ಯಾಂಟೀನಿನ ನೋಟಿಸ್ ಬೋರ್ಡಿಗೂ ಹಚ್ಚಿಸಿದೆವು, ಸೂಪರ್‌ವೈಸರ್‌ಗಳು ಶಿಫ್ಟ್ ಬದಲಾಗುವಾಗ ಓದಿ ಹೇಳಿದರು. ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದೆವು, ಬದಲಾವಣೆ ಮಾಡದೆ. ಬೇರೆ ಬೇರೆ ಕಡೆ ಬೇರೆ ಬೇರೆ ಮಾತು ಕಂಡರೆ ಜನ ಯಾವುದು ನಿಜ ಎಂದು ವಿಚಾರಿಸುವುದರಲ್ಲೇ ಇರುತ್ತಾರೆ.

ಮೊದಲ ಫೋನ್ ಬಂದದ್ದು ಬೆಳಗಾವಿಯಿಂದಲೇ. ಗೋದಾಮಿನ ಹಿರಿಯರೊಬ್ಬರು. "ಸರ್, ನಾ ಅದನ್ನ ಒತ್ತೀನ್ರಿ. ಪಾಸ್‌ವರ್ಡೂ ಹಾಕೀನಿ. ಈಗ ಏನ್ ಮಾಡ್ಲಿ?" ಎಂದರು. ದನಿ ತಗ್ಗಿತ್ತು, ಅಕ್ಕಪಕ್ಕದವರಿಗೆ ಕೇಳಬಾರದೆಂದು. ನಾನು, "ಫೋನ್ ಮಾಡಿದ್ದು ಭಾಳ ಚಲೋ ಆತ್ರಿ ಕಾಕಾ, ಎಷ್ಟು ಗಂಟೆಗೆ ಹಾಕಿದ್ರಿ ಅಷ್ಟು ಹೇಳ್ರಿ ಸಾಕು" ಎಂದೆ. ಫೋನ್ ಎತ್ತುವವರ ಮೊದಲ ಮಾತೂ ಆ ಪತ್ರದ ಭಾಗವೇ. "ಅಯ್ಯೋ, ಯಾಕೆ ಹಾಕಿದ್ರಿ?" ಎಂದು ಶುರುಮಾಡಿದರೆ, ಆ ಸುದ್ದಿ ಕ್ಯಾಂಟೀನಿಗೆ ತಲುಪಿ ಎರಡನೆಯ ಫೋನ್ ಬರುವುದಿಲ್ಲ.

ಅವರು ಮಾತಾಡುತ್ತಿರುವಾಗಲೇ ನನ್ನ ಸಹೋದ್ಯೋಗಿ ನಾಲ್ಕು ಕೆಲಸ ಮಾಡಿದಳು. ಎಲ್ಲೆಡೆ ತೆರೆದಿದ್ದ ಅವರ ಸೆಷನ್‌ಗಳನ್ನು ರದ್ದು ಮಾಡಿದಳು, ಪಾಸ್‌ವರ್ಡ್ ಬದಲಿಸಿದಳು, ಲಾಗಿನ್ ಒಪ್ಪಿಗೆಗೆ ಹೊಸ ಫೋನ್ ಏನಾದರೂ ಸೇರಿದೆಯೇ ನೋಡಿದಳು, ಮೇಲ್‌ಬಾಕ್ಸಿನಲ್ಲಿ ಹೊಸ ನಿಯಮವಿದೆಯೇ ಹುಡುಕಿದಳು. ನಿಮ್ಮಲ್ಲಿ ಐಟಿಯವರಿದ್ದರೆ, ಮೈಕ್ರೊಸಾಫ್ಟ್ 365 ಬಳಸುವ ಕಡೆ ಮೊದಲನೆಯದಕ್ಕೂ ಕೊನೆಯದಕ್ಕೂ ಪವರ್‌ಶೆಲ್‌ನಲ್ಲಿ ಈ ಎರಡು ಸಾಲು ಸಾಕು:

```
Revoke-MgUserSignInSession -UserId user@example.com
Get-InboxRule -Mailbox user@example.com
```

ಸೆಷನ್ ರದ್ದು ಮಾಡಿದೊಡನೆ ಎಲ್ಲ ಕಡೆ ಅದೇ ಕ್ಷಣದಲ್ಲಿ ಹೊರಬೀಳುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಈಗಾಗಲೇ ಕೊಟ್ಟ ಚೀಟಿಯ ಅವಧಿ ಮುಗಿಯುವವರೆಗೆ ಸ್ವಲ್ಪ ಹೊತ್ತು ಉಳಿಯಬಹುದು. ಅದಕ್ಕೇ ಆ ಖಾತೆಯ ಮೇಲೆ ಆಮೇಲೂ ಕಣ್ಣಿಡಬೇಕು. ಕಾಕಾ ಅವರ ಮೇಲ್‌ಬಾಕ್ಸಿನಲ್ಲಿ ನಿಯಮ ಯಾವುದೂ ಇರಲಿಲ್ಲ. ಆ ದಿನ ಇನ್ನಿಬ್ಬರು ಫೋನ್ ಮಾಡಿದರು. ಪುಣೆಯ ಖರೀದಿ ವಿಭಾಗದ ಒಬ್ಬರ ಮೇಲ್‌ಬಾಕ್ಸಿನಲ್ಲಿ ನಿಯಮ ಸಿಕ್ಕಿತು. ಬರೀ ಒಂದು ಚುಕ್ಕಿಯೇ ಅದರ ಹೆಸರು, ಪಟ್ಟಿಯಲ್ಲಿ ಕಣ್ಣಿಗೆ ಬೀಳದಂತೆ. ಅಲ್ಲಿಂದ ಮೇಲ್ ಯಾವುದೂ ಇನ್ನೂ ಹೋಗಿರಲಿಲ್ಲ.

ಅಕ್ಷರ ತಪ್ಪು ನೋಡಿ, ಬೀಗದ ಗುರುತು ನೋಡಿ ಎಂಬ ಉಪದೇಶವನ್ನು ಪತ್ರದಲ್ಲಿ ಹಾಕಿಲ್ಲವೇಕೆ ಎಂದು ಕೇಳಿದವರಿದ್ದಾರೆ. ಬೀಗದ ಗುರುತು ಹೇಳುವುದು ನಿಮ್ಮ ಮತ್ತು ಆ ಪುಟದ ನಡುವಿನ ಮಾತು ಬೇರೆಯವರಿಗೆ ಕೇಳಿಸದು ಎಂದಷ್ಟೇ. ಆ ಪುಟ ಕಳ್ಳನದೇ ಆಗಿದ್ದರೆ ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದಂತಾಯಿತು. ಪ್ರಮಾಣಪತ್ರ ಉಚಿತವಾಗಿ ಸಿಗುವುದರಿಂದ ನಕಲಿ ಪುಟಗಳಲ್ಲೂ ಬೀಗ ಇರುತ್ತದೆ. ವಿಳಾಸ ಓದುವುದು ಇದಕ್ಕಿಂತ ಉಪಯುಕ್ತ ವಿದ್ಯೆ. ಉದಾಹರಣೆಗೆ ನಮ್ಮ ಕಂಪನಿಯ ವಿಳಾಸ `example.com` ಎಂದಿಟ್ಟುಕೊಳ್ಳಿ, ಬಂದ ಲಿಂಕ್ ಹೀಗಿದೆ:

```
https://hr.example.com.form16-download.example/login
```

ಎಡದಿಂದ ಓದಿದರೆ ನಮ್ಮದೇ ಹೆಸರು ಕಾಣುತ್ತದೆ. ಆದರೆ `https://` ಆದಮೇಲೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಅದರ ಎಡಕ್ಕೆ ತಾಗಿರುವ `form16-download.example` ಎಂಬುದೇ ಆ ಪುಟದ ಯಜಮಾನ. ಮುಂದಿನ `hr.example.com` ಎಂಬುದು ಯಜಮಾನ ತನ್ನ ಮನೆಯ ಬಾಗಿಲಿಗೆ ತಾನೇ ಬರೆದುಕೊಂಡ ಹೆಸರು. (ನಮ್ಮಲ್ಲಿ `.co.in` ಎಂದು ಮುಗಿಯುವ ವಿಳಾಸಗಳಿಗೆ ಕೊನೆಯ ಎರಡು ತುಂಡಲ್ಲ, ಮೂರು ತುಂಡು ನೋಡಬೇಕು.) ಇದನ್ನು ಕಲಿಸಲು ಅರ್ಧ ಗಂಟೆ ಬೇಕು, ಚಹಾ ಬೇಕು, ಎರಡು ಮೂರು ಉದಾಹರಣೆ ಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಪ್ರಯೋಜನ? ಆ ಹೊತ್ತಿನ ಪತ್ರದಲ್ಲಿ ಈ ಪಾಠಕ್ಕೆ ಜಾಗವಿಲ್ಲ. ಅದರ ಬದಲು 'ನಿಜವಾದದ್ದು ಪೋರ್ಟಲ್ಲಿನಲ್ಲೇ ಸಿಗುತ್ತದೆ' ಎಂಬ ಒಂದು ಸಾಲು ಹಾಕಿದೆವು. ಲಿಂಕಿನಿಂದ ಹೋಗದೆ ನೀವೇ ಪೋರ್ಟಲ್ ತೆರೆದರೆ ವಿಳಾಸ ಓದುವ ಪ್ರಮೇಯವೇ ಬರುವುದಿಲ್ಲ.

ತರಬೇತಿಯ ಬಗ್ಗೆ ನನಗೆ ಹೆಚ್ಚು ಭ್ರಮೆಯೂ ಇಲ್ಲ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು ಒಂದು ದೊಡ್ಡ ಕಂಪನಿಯ ಸುಮಾರು 14,000 ಉದ್ಯೋಗಿಗಳನ್ನು 15 ತಿಂಗಳು ಗಮನಿಸಿ 2022ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸುಳ್ಳು ಮೇಲ್ ಕಳಿಸಿ, ಒತ್ತಿದವರಿಗೆ ಅಲ್ಲೇ ಪಾಠ ಹೇಳುವ ಜನಪ್ರಿಯ ವಿಧಾನದಿಂದ ಅವರು ಮುಂದೆ ಒತ್ತುವುದು ಕಡಿಮೆಯಾಗಲಿಲ್ಲ ಎಂಬುದು ಅವರಿಗೆ ಕಂಡದ್ದು. ಅದೇ ವೇಳೆ, ಉದ್ಯೋಗಿಗಳು ಬಟನ್ ಒತ್ತಿ ವರದಿ ಮಾಡುವ ವ್ಯವಸ್ಥೆ ಹೊಸ ದಾಳಿಗಳನ್ನು ಬೇಗ ಹಿಡಿಯಲು ನೆರವಾಯಿತು, ಅದೂ ತಿಂಗಳುಗಟ್ಟಲೆ ಜನ ಬೇಸರಿಸದೆ. ನಮ್ಮ ಪುಟ್ಟ ಅನುಭವಕ್ಕೂ ಇದು ತಾಳೆಯಾಗುತ್ತದೆ. ಎಲ್ಲರನ್ನೂ ಪತ್ತೇದಾರರನ್ನಾಗಿ ಮಾಡುವುದು ಕಷ್ಟ. ಫೋನ್ ಮಾಡುವವರನ್ನಾಗಿ ಮಾಡುವುದು ಆಗುವ ಕೆಲಸ.

ಪತ್ರಕ್ಕೂ ಮಿತಿಯಿದೆ. ವಾರಕ್ಕೆರಡು ಕಳಿಸಿದರೆ ಮೂರನೆಯ ವಾರ ಯಾರೂ ಓದುವುದಿಲ್ಲ. ಮೇಲ್ ಬಂದದ್ದು ಐದು ಜನಕ್ಕಾದರೆ ಆ ಐವರಿಗೆ ಫೋನ್ ಮಾಡಿ ಮುಗಿಸಿ, ಉಳಿದವರನ್ನು ಎಬ್ಬಿಸಬೇಡಿ. ಕಳ್ಳ ಮೇಲ್‌ನಲ್ಲಿ ಲಿಂಕಿನ ಬದಲು ಫೈಲ್ ಇದ್ದು, ಅದನ್ನು ಯಾರಾದರೂ ತೆರೆದಿದ್ದರೆ ಮಾತು ಬೇರೆ. ಆಗ 'ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಕಂಪ್ಯೂಟರ್ ಆಫ್ ಮಾಡದೆ ಫೋನ್ ಮಾಡಿ' ಎಂದು ಬರೆಯಬೇಕು. ಆಫ್ ಮಾಡಿದರೆ ಒಳಗೆ ಏನು ಓಡುತ್ತಿತ್ತು ಎಂಬ ಸುಳಿವು ಮೆಮೊರಿಯಿಂದ ಅಳಿಸಿಹೋಗುತ್ತದೆ. ಹಣವೇ ಹೋಗಿದ್ದರೆ ಪತ್ರ ಬರೆಯುತ್ತಾ ಕೂರದೆ ಬ್ಯಾಂಕಿಗೂ 1930ಕ್ಕೂ ಫೋನ್ ಮಾಡಬೇಕು. ಈ ಸಹಾಯವಾಣಿ ದೇಶದೆಲ್ಲೆಡೆ ಒಂದೇ, ನೀವು ಚೆನ್ನೈನಲ್ಲಿರಿ, ದೆಹಲಿಯಲ್ಲಿರಿ. ಇನ್ನು ಕಂಪನಿಯ ಮಟ್ಟದಲ್ಲಿ, ಫಿಶಿಂಗ್ ಸೇರಿದಂತೆ ಹಲವು ಬಗೆಯ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂಬ ನಿರ್ದೇಶನ 2022ರ ಏಪ್ರಿಲ್‌ನಲ್ಲಿ ಬಂದಿದೆ. ಅದನ್ನು ಮಾಡುವವರು ಯಾರೆಂದು ಮೊದಲೇ ಗೊತ್ತಿರಲಿ, ಎಚ್ಚರಿಕೆ ಬರೆಯುವವನ ತಲೆಗೆ ಅದೂ ಬೀಳದಿರಲಿ.

ಮಧ್ಯಾಹ್ನ 3 ಗಂಟೆಗೆ ಹೇಳಿದಂತೆ ಎರಡನೆಯ ಪತ್ರ ಹೋಯಿತು, ನಾಲ್ಕು ಸಾಲಿನದು. ಆ ಮೇಲನ್ನು ಎಲ್ಲರ ಮೇಲ್‌ಬಾಕ್ಸಿನಿಂದ ತೆಗೆದಿದ್ದೇವೆ. ಮೂವರು ಫೋನ್ ಮಾಡಿದ್ದರಿಂದ ಮೂರು ಖಾತೆ ಉಳಿದವು, ಅವರಿಗೆ ಧನ್ಯವಾದ. ಹೆಸರು ಹಾಕಲಿಲ್ಲ. ಇನ್ನೂ ಯಾರಾದರೂ ಪಾಸ್‌ವರ್ಡ್ ಹಾಕಿದ್ದು ಈಗ ನೆನಪಾದರೆ, ತಡವಾಯಿತೆಂದು ಸುಮ್ಮನಿರಬೇಡಿ, 4411 ರಾತ್ರಿ 10ರವರೆಗೂ ಇರುತ್ತದೆ. ಆ ಕೊನೆಯ ಸಾಲು ಓದಿ ಸಂಜೆ ಏಳೂವರೆಗೆ ಇನ್ನೊಬ್ಬರು ಫೋನ್ ಮಾಡಿದರು. ಬೆಳಿಗ್ಗೆ ಹನ್ನೊಂದಕ್ಕೇ ಪಾಸ್‌ವರ್ಡ್ ಹಾಕಿದ್ದರಂತೆ.